‘ಸಿದ್ಧಪ್ಪ’ ‘ಸಿದ್ದಪ್ಪ’ ಆಗೋದು ಎಲ್ಲಿ? ಎಐ ಫೋಟೋವನ್ನು ತುಂಡು ಮಾಡಿ ಓದುವ ಬಗೆ

ಹೋದ ತಿಂಗಳು ಮನೆಯಲ್ಲಿದ್ದ ಒಂದು ಹಳೆ ಕ್ರಯಪತ್ರದ ನಕಲನ್ನು ಟೈಪ್ ಮಾಡಿ ಇಟ್ಟುಕೊಳ್ಳಬೇಕಿತ್ತು. ಎ4 ಹಾಳೆ, ಅಚ್ಚು ಚೆನ್ನಾಗೇ ಇತ್ತು. ಮೊಬೈಲ್‌ನಲ್ಲಿ ಫೋಟೋ ತೆಗೆದು, ಚಿತ್ರ ಓದುವ ಒಂದು ಎಐ ಆ್ಯಪ್‌ಗೆ ಹಾಕಿದೆ. ಬಂದ ಪ್ರತಿ ನೋಡಿ ಮೊದಲು ಖುಷಿಯಾಯಿತು. ಚಕ್ಕುಬಂದಿ ಸಾಲುಗಳೆಲ್ಲ ಸರಿ ಇದ್ದವು, ‘ಉತ್ತರಕ್ಕೆ ಸರ್ಕಾರಿ ರಸ್ತೆ’ ಅಂತ ಒಂದಕ್ಷರ ತಪ್ಪದೆ ಬಂದಿತ್ತು. ಆದರೆ ಎರಡನೇ ಸಲ ಹಾಳೆ ಪಕ್ಕದಲ್ಲಿಟ್ಟುಕೊಂಡು ನೋಡಿದರೆ ‘ಸಿದ್ಧಪ್ಪ’ ಇದ್ದದ್ದು ‘ಸಿದ್ದಪ್ಪ’ ಆಗಿತ್ತು, ಸರ್ವೆ ನಂಬರ್ 48/2 ಇದ್ದದ್ದು 43/2 ಆಗಿತ್ತು. ಜಮೀನಿನ ಕಾಗದದಲ್ಲಿ ಈ ಎರಡೂ ಎಂಥಾ ತಪ್ಪು ಅಂತ ತಾಲ್ಲೂಕು ಕಚೇರಿಗೆ ಒಮ್ಮೆ ಅಲೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಸಾಮಾನ್ಯವಾಗಿ ಇಂಥದ್ದಕ್ಕೆ ಜನ ಕೊಡುವ ಕಾರಣ ಒಂದೇ: ‘ಅದಕ್ಕೆ ಕನ್ನಡ ಸರಿಯಾಗಿ ಬರಲ್ಲ’. ಅದೂ ಒಂದು ಕಾರಣ, ಆದರೆ ಅದಕ್ಕಿಂತ ಮುಂಚೆ ಬೇರೆ ಒಂದು ಪ್ರಶ್ನೆ ಕೇಳಬೇಕು. ಆ ‘ದ್ಧ’ದ ಕೆಳಗಿನ ಪುಟ್ಟ ಸೀಳು ಆ್ಯಪ್‌ನ ಹಿಂದಿರುವ ಎಐ ಮಾದರಿಯ ಕಣ್ಣಿಗೆ ಬಿದ್ದಿತ್ತಾ? ಕಣ್ಣಿಗೇ ಬೀಳದ ಗೆರೆಯನ್ನು ಎಷ್ಟು ಕನ್ನಡ ಕಲಿತವರೂ ಓದಲಾರರು, ಅಲ್ವಾ. ಇದಕ್ಕೆ ಉತ್ತರ ಬೇಕಾದರೆ ಚಿತ್ರ ಒಳಗೆ ಹೋದ ಮೇಲೆ ಏನಾಗುತ್ತದೆ ಅಂತ ಹಂತ ಹಂತವಾಗಿ ನೋಡಬೇಕು.

ಭಾಷಾ ಮಾದರಿಗೆ ಚಿತ್ರ ಅಂದರೆ ಏನೂ ಗೊತ್ತಿಲ್ಲ. ಅದಕ್ಕೆ ಬರುವುದು ಟೋಕನ್‌ಗಳ ಸಾಲು, ಒಂದೊಂದು ಟೋಕನ್ ಒಂದು ಉದ್ದನೆಯ ಸಂಖ್ಯೆಗಳ ಪಟ್ಟಿ. ಹಾಗಾಗಿ ಚಿತ್ರವನ್ನೂ ಟೋಕನ್‌ಗಳ ಸಾಲಾಗಿ ಮಾಡಬೇಕು. ಒಂದೊಂದು ಪಿಕ್ಸೆಲನ್ನೂ ಒಂದು ಟೋಕನ್ ಮಾಡಿಬಿಟ್ಟರೆ ಆಗಲ್ವಾ ಅಂದರೆ, ಲೆಕ್ಕ ಕೈ ಮೀರುತ್ತದೆ. ಇಂಥ ಮಾದರಿಗಳ ಒಳಗಿರುವುದು ಟ್ರಾನ್ಸ್‌ಫಾರ್ಮರ್ ಅನ್ನುವ ಪದರ ಪದರವಾದ ಜಾಲ. ಅದರಲ್ಲಿ ಪ್ರತಿ ಟೋಕನ್ನೂ ಉಳಿದ ಎಲ್ಲ ಟೋಕನ್‌ಗಳನ್ನೂ ನೋಡುತ್ತದೆ, ಇದಕ್ಕೆ ಅಟೆನ್ಷನ್ ಅನ್ನುತ್ತಾರೆ. 336 ಪಿಕ್ಸೆಲ್ ಅಗಲ, 336 ಪಿಕ್ಸೆಲ್ ಎತ್ತರದ ಸಣ್ಣ ಚಿತ್ರದಲ್ಲೇ 1,12,896 ಪಿಕ್ಸೆಲ್ ಇರುತ್ತವೆ. ಅವು ಒಂದನ್ನೊಂದು ನೋಡಬೇಕು ಅಂದರೆ ಸುಮಾರು 1,275 ಕೋಟಿ ಜೋಡಿಗಳು, ಅದೂ ಒಂದು ಪದರಕ್ಕೆ. ಅದೇ ಚಿತ್ರವನ್ನು 14 ಪಿಕ್ಸೆಲ್‌ಗೆ ಒಂದರಂತೆ ಚೌಕ ಮಾಡಿದರೆ ಅಡ್ಡಕ್ಕೆ 24, ಉದ್ದಕ್ಕೆ 24, ಒಟ್ಟು 576 ತುಂಡು. ಜೋಡಿಗಳು ಬರೀ 3.3 ಲಕ್ಷ.

ಈ ದಾರಿ ಗಟ್ಟಿಯಾಗಿ ನಿಂತದ್ದು 2020ರ ಅಕ್ಟೋಬರ್‌ನಲ್ಲಿ, ಗೂಗಲ್‌ನ ಸಂಶೋಧಕರು ಚಿತ್ರ ನೋಡುವ ಟ್ರಾನ್ಸ್‌ಫಾರ್ಮರ್ ಆದ ವಿಷನ್ ಟ್ರಾನ್ಸ್‌ಫಾರ್ಮರ್ ಬಗ್ಗೆ ಪ್ರಬಂಧ ಹಾಕಿದಾಗ. ಅವರು 224 ಪಿಕ್ಸೆಲ್ ಚಿತ್ರವನ್ನು 16 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿದ್ದರು, 196 ತುಂಡು. ಆಮೇಲೆ ಬಂದವರು ತುಂಡಿನ ಅಳತೆಯನ್ನು 14ಕ್ಕೆ ಇಳಿಸಿದರು, ಚಿತ್ರದ ಅಳತೆ ಹೆಚ್ಚಿಸಿದರು, ಆದರೆ ಮೂಲ ಉಪಾಯ ಹಾಗೇ ಉಳಿಯಿತು.

ಕತ್ತರಿಸುವುದರಲ್ಲಿ ಯಾವ ಜಾಣತನವೂ ಇಲ್ಲ, ಇದನ್ನು ತಿಳಿದುಕೊಳ್ಳುವುದು ಮುಖ್ಯ. ತಟ್ಟೆಗೆ ಸುರಿದ ಬರ್ಫಿಗೆ ಚಾಕುವಿನಿಂದ ಉದ್ದ ಗೆರೆ, ಅಡ್ಡ ಗೆರೆ ಎಳೆಯುತ್ತೇವಲ್ಲ, ಥೇಟ್ ಹಾಗೇ. ಗೋಡಂಬಿ ಎಲ್ಲಿದೆ ಅಂತ ಚಾಕು ನೋಡುವುದಿಲ್ಲ. ಅಕ್ಷರದ ನಡುವೆ ಗೆರೆ ಬಂದರೆ ಅಕ್ಷರ ಎರಡಾಗುತ್ತದೆ, ಒತ್ತಕ್ಷರ ಕೆಳಗಿನ ಚೌಕಕ್ಕೆ ಹೋಗುತ್ತದೆ, ತಲೆಕಟ್ಟು ಮೇಲಿನ ಚೌಕದಲ್ಲಿ ಉಳಿಯುತ್ತದೆ.

ಈಗ ನನ್ನ ಆ ಹಾಳೆಯನ್ನೇ ಒಂದು ಮಾದರಿಯ ಒಳಗೆ ಕಳಿಸಿ ಲೆಕ್ಕ ಹಾಕೋಣ. ಇದಕ್ಕೆ ಲಾವಾ 1.5 ಅನ್ನುವ ಮಾದರಿ ತೆಗೆದುಕೊಳ್ಳುತ್ತೇನೆ. 2023ರ ಅಕ್ಟೋಬರ್‌ನಲ್ಲಿ ಬಂದದ್ದು, ಈಗ ಹಳೆಯದು, ಕನ್ನಡ ಓದಲಿಕ್ಕೆ ಅಂತ ಮಾಡಿದ್ದೂ ಅಲ್ಲ. ಆದರೆ ಅದರ ಒಳಗಿನ ಪ್ರತಿ ಹಂತವೂ ಬಹಿರಂಗವಾಗಿದೆ, ಅಳತೆಗಳು ಸರಳ, ಹಾಗಾಗಿ ಲೆಕ್ಕ ಕಲಿಯಲು ಅದಕ್ಕಿಂತ ಒಳ್ಳೆಯದು ಸಿಗಲ್ಲ. ನನ್ನ ಆ್ಯಪ್‌ನ ಹಿಂದೆ ಇದ್ದದ್ದು ಇದೇ ಅಂತ ನಾನು ಹೇಳುತ್ತಿಲ್ಲ.

ಫೋಟೋ 3000 × 4000 ಪಿಕ್ಸೆಲ್, ಅಂದರೆ ಮಾಮೂಲಿ 12 ಮೆಗಾಪಿಕ್ಸೆಲ್. ಹಾಳೆಯ 297 ಮಿಲಿಮೀಟರ್ ಎತ್ತರ ಫೋಟೋದ 4000 ಪಿಕ್ಸೆಲ್ ತುಂಬಿದೆ ಅಂತಿಟ್ಟುಕೊಳ್ಳಿ. ಒಂದು ಮಿಲಿಮೀಟರ್‌ಗೆ ಹದಿಮೂರೂವರೆ ಪಿಕ್ಸೆಲ್ ಬಂತು. ಅಚ್ಚಿನ ಅಕ್ಷರ ಸುಮಾರು 3 ಮಿಲಿಮೀಟರ್ ಎತ್ತರ, ಅಂದರೆ 40 ಪಿಕ್ಸೆಲ್. ದ ಮತ್ತು ಧ ಬೇರೆ ಮಾಡುವ ಆ ಸೀಳು ಅರ್ಧ ಮಿಲಿಮೀಟರ್, ಸುಮಾರು ಆರೂವರೆ ಪಿಕ್ಸೆಲ್. ಇಷ್ಟಿದ್ದರೆ ಬೇಕಾದಷ್ಟಾಯಿತು, ಫೋಟೋ ಹಿಗ್ಗಿಸಿ ನೋಡಿದರೆ ನಮಗೂ ನಿಚ್ಚಳವಾಗಿ ಕಾಣುತ್ತದೆ.

ಆದರೆ ಮಾದರಿಯ ಕಣ್ಣಿಗೆ, ಅಂದರೆ ಅದರಲ್ಲಿ ಚಿತ್ರ ನೋಡುವ ಭಾಗಕ್ಕೆ, ಬೇಕಾದದ್ದು 336 ಪಿಕ್ಸೆಲ್‌ನ ಚೌಕ ಮಾತ್ರ. ಹಾಗಾಗಿ ಕತ್ತರಿಸುವ ಮುಂಚೆ 4000 ಪಿಕ್ಸೆಲನ್ನು 336ಕ್ಕೆ ಕುಗ್ಗಿಸುತ್ತಾರೆ, ಸುಮಾರು ಹನ್ನೆರಡು ಪಟ್ಟು. 3000 ಅಗಲ 252 ಆಗುತ್ತದೆ. ಚೌಕ ಆಗಬೇಕಲ್ಲ, ಅದಕ್ಕೆ ಎಡಕ್ಕೆ 42, ಬಲಕ್ಕೆ 42 ಪಿಕ್ಸೆಲ್ ಖಾಲಿ ಬಣ್ಣ ತುಂಬುತ್ತಾರೆ. ಆ 42 ಅಂದರೆ ಮೂರು ತುಂಡುಗಳ ಅಗಲ. ಎರಡೂ ಬದಿ ಸೇರಿ 144 ತುಂಡುಗಳಲ್ಲಿ ಏನೂ ಇಲ್ಲ, ಖಾಲಿ. 576ರಲ್ಲಿ ಹಾಳೆ ಇರುವುದು 432ರಲ್ಲಿ.

ಈಗ ಅಕ್ಷರದ ಗತಿ ನೋಡಿ. 40 ಪಿಕ್ಸೆಲ್ ಇದ್ದದ್ದು ಮೂರು, ಮೂರೂವರೆ ಪಿಕ್ಸೆಲ್ ಆಯಿತು. ಸೀಳು ಅರ್ಧ ಪಿಕ್ಸೆಲ್ ಆಯಿತು. ಅರ್ಧ ಪಿಕ್ಸೆಲ್ ಅಂತ ಒಂದು ಇರುವುದಿಲ್ಲ, ಅದು ಅಕ್ಕಪಕ್ಕದ ಬಿಳಿಯ ಜೊತೆ ಬೆರೆತು ಸ್ವಲ್ಪ ಬೂದು ಬಣ್ಣವಾಗಿ ಉಳಿಯುತ್ತದೆ. ಒಂದು ತುಂಡು, ಅಂದರೆ 14 ಪಿಕ್ಸೆಲ್ ಚೌಕ, ಹಾಳೆಯ ಮೇಲೆ ಸುಮಾರು 12 ಮಿಲಿಮೀಟರ್ ಜಾಗ ಹಿಡಿಯುತ್ತದೆ. ಅಷ್ಟರಲ್ಲಿ ಎರಡು ಸಾಲು, ಸಾಲಿಗೆ ಮೂರೋ ನಾಲ್ಕೋ ಅಕ್ಷರ. ಮೂರು ಪಿಕ್ಸೆಲ್ ಎತ್ತರದಲ್ಲಿ ನೀವೇ ಕನ್ನಡ ಬರೆಯಲು ಪ್ರಯತ್ನಿಸಿ ನೋಡಿ. ಪ, ವ, ಮ, ಷ ಎಲ್ಲ ಒಂದೇ ಥರದ ಬೂದು ಚುಕ್ಕೆ. 8 ಮತ್ತು 3ರ ನಡುವಿನ ವ್ಯತ್ಯಾಸ ಎಡಗಡೆಯ ಎರಡು ಸಣ್ಣ ಗೆರೆಗಳಲ್ಲಿ ಇದೆ, ಅವೂ ಹೋದವು.

ಗಮನಿಸಿ, ಇಲ್ಲಿವರೆಗೆ ವಿಷನ್ ಟ್ರಾನ್ಸ್‌ಫಾರ್ಮರ್ ಇನ್ನೂ ಕೆಲಸವನ್ನೇ ಶುರು ಮಾಡಿಲ್ಲ. ‘ಚಿತ್ರವನ್ನು ಚೂರು ಚೂರು ಮಾಡಿದರೆ ಅರ್ಥ ಹಾಳಾಗದೇ ಇರುತ್ತಾ’ ಅಂತ ಬಹಳ ಜನ ಕೇಳುತ್ತಾರೆ. ನನ್ನ ಪ್ರಕಾರ ಬೈಗುಳ ತಪ್ಪು ಜಾಗಕ್ಕೆ ಹೋಗುತ್ತಿದೆ. ಕತ್ತರಿಸಿದ್ದರಿಂದ ಹಾಳಾದದ್ದು ಕಡಿಮೆ, ಕುಗ್ಗಿಸಿದ್ದರಿಂದ ಹಾಳಾದದ್ದು ಜಾಸ್ತಿ.

ಯಾಕೆ ಅಂತ ನೋಡಲು ಒಂದೇ ಒಂದು ತುಂಡನ್ನು ಹಿಂಬಾಲಿಸೋಣ. ಮೇಲಿನಿಂದ ಹತ್ತನೇ ಸಾಲು, ಎಡದಿಂದ ಏಳನೇ ತುಂಡು. ಅಂದರೆ 223ನೇ ತುಂಡು. ಅದರಲ್ಲಿ 14 × 14 ಪಿಕ್ಸೆಲ್, ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ. ಒಟ್ಟು 588 ಸಂಖ್ಯೆ. ಇವನ್ನು ಒಂದೇ ಸಾಲಾಗಿ ಜೋಡಿಸುತ್ತಾರೆ. ಆಮೇಲೆ ತರಬೇತಿಯಲ್ಲಿ ಕಲಿತ ಒಂದು ದೊಡ್ಡ ಕೋಷ್ಟಕದಿಂದ ಗುಣಿಸಿ 1024 ಹೊಸ ಸಂಖ್ಯೆ ಮಾಡುತ್ತಾರೆ. ಪ್ರತಿ ಹೊಸ ಸಂಖ್ಯೆಯೂ ಆ 588ರ ಒಂದು ಕೂಡಿಕೆ, ಯಾವ ಪಿಕ್ಸೆಲ್‌ಗೆ ಎಷ್ಟು ತೂಕ ಅನ್ನುವುದಷ್ಟೇ ಬೇರೆ ಬೇರೆ. ಎಲ್ಲ 576 ತುಂಡುಗಳಿಗೂ ಇದೇ ಒಂದು ಕೋಷ್ಟಕ. ಇಲ್ಲಿ ನೋಡಿ, 588ರಿಂದ 1024ಕ್ಕೆ ಹೋಗುತ್ತಿದ್ದೇವೆ, ಜಾಗ ಜಾಸ್ತಿಯಾಗುತ್ತಿದೆ. ತುಂಡಿನೊಳಗೆ ಇದ್ದದ್ದು ಕಳೆದುಹೋಗಲೇಬೇಕು ಅನ್ನುವ ಒತ್ತಾಯ ಈ ಹಂತದಲ್ಲಿ ಇಲ್ಲ.

ಮುಂದೆ ಆ 1024 ಸಂಖ್ಯೆಗಳಿಗೆ ಇನ್ನೊಂದು 1024 ಸಂಖ್ಯೆಗಳ ಪಟ್ಟಿಯನ್ನು ಕೂಡಿಸುತ್ತಾರೆ. ಇದು ವಿಳಾಸ ಇದ್ದ ಹಾಗೆ, ‘ನೀನು 223ನೆಯವನು’ ಅಂತ. ಇದನ್ನು ಕೂಡಿಸದೇ ಹೋದರೆ ತುಂಡುಗಳು ಬರೀ ಒಂದು ರಾಶಿ, ಯಾವುದು ಮೇಲೆ ಯಾವುದು ಕೆಳಗೆ ಅಂತ ಯಂತ್ರಕ್ಕೆ ತಿಳಿಯುವ ದಾರಿಯೇ ಇರುವುದಿಲ್ಲ. ಒತ್ತಕ್ಷರ ಯಾವ ಅಕ್ಷರದ ಕೆಳಗಿತ್ತು ಅನ್ನುವುದು ಉಳಿಯುವುದು ಇದರಿಂದಲೇ.

ಆಮೇಲೆ ಪದರಗಳು. ಈ ಮಾದರಿಯ ಕಣ್ಣು ಓಪನ್‌ಎಐ 2021ರಲ್ಲಿ ಬಿಟ್ಟ ಕ್ಲಿಪ್, ಅದರಲ್ಲಿ 24 ಪದರ. ಒಂದೊಂದು ಪದರದಲ್ಲೂ ನಮ್ಮ 223ನೇ ತುಂಡು ಉಳಿದವರನ್ನೆಲ್ಲ ನೋಡಿ, ತನಗೆ ಬೇಕಾದ್ದನ್ನು ತೆಗೆದುಕೊಳ್ಳುತ್ತದೆ. ಬಲಕ್ಕಿರುವ 224ರಲ್ಲಿ ಅಕ್ಷರದ ಇನ್ನರ್ಧ ಇದೆಯಾ, ಕೆಳಗಿನ 247ರಲ್ಲಿ ಒತ್ತು ಇದೆಯಾ, ಹೀಗೆ. ಬರ್ಫಿಯಲ್ಲಿ ತುಂಡಾದ ಗೋಡಂಬಿ ಇಲ್ಲಿ ಮತ್ತೆ ಕೂಡುತ್ತದೆ. ಕತ್ತರಿಸಿದ್ದಕ್ಕೆ ಹೊಲಿಗೆ ಹಾಕುವ ಕೆಲಸ ಈ ಅಟೆನ್ಷನ್‌ನದು, ಅದು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಇಲ್ಲದ ಪಿಕ್ಸೆಲನ್ನು ಅದು ತರಲಾರದು.

ಇಲ್ಲಿ ಎರಡನೇ ಸೋರಿಕೆ ಒಂದಿದೆ. ಕ್ಲಿಪ್ ಕಲಿತದ್ದು ಅಂತರ್ಜಾಲದಿಂದ ತಂದ 40 ಕೋಟಿ ಚಿತ್ರ ಮತ್ತು ಅವುಗಳ ಜೊತೆಗಿದ್ದ ಬರಹದಿಂದ, ಯಾವ ಚಿತ್ರಕ್ಕೆ ಯಾವ ಬರಹ ಹೊಂದುತ್ತದೆ ಅಂತ ಗುರುತಿಸುತ್ತಾ. ಚಿತ್ರದಲ್ಲಿ ನಾಯಿ ಇದೆಯೋ, ಸಮುದ್ರ ಇದೆಯೋ, ಕಾಗದ ಇದೆಯೋ ಅಂತ ಗೊತ್ತಾದರೆ ಆ ಕೆಲಸಕ್ಕೆ ಬಹುಪಾಲು ಸಾಕು. ಕಾಗದದ ಹದಿನೇಳನೇ ಸಾಲಿನಲ್ಲಿ ಧ ಇದೆಯೋ ದ ಇದೆಯೋ ಅಂತ ಹಿಡಿದಿಟ್ಟುಕೊಂಡರೆ ಸಿಗುವ ಲಾಭ ಏನೂ ಇರಲಿಲ್ಲ. ಲಾಭವಿಲ್ಲದ್ದನ್ನು ತರಬೇತಿ ಉಳಿಸಿಕೊಡುವುದಿಲ್ಲ.

ಕಣ್ಣಿನ ಕೆಲಸ ಮುಗಿದ ಮೇಲೆ ಪ್ರತಿ ತುಂಡಿನ 1024 ಸಂಖ್ಯೆಗಳನ್ನು ಇನ್ನೊಂದು ಸಣ್ಣ ಜಾಲದ ಮೂಲಕ 4096 ಸಂಖ್ಯೆ ಮಾಡುತ್ತಾರೆ, ಯಾಕಂದರೆ ಹಿಂದೆ ಇರುವ 700 ಕೋಟಿ ಪ್ಯಾರಾಮೀಟರ್‌ಗಳ ಭಾಷಾ ಮಾದರಿಯಲ್ಲಿ ಒಂದೊಂದು ಪದದ ಅಳತೆ ಅಷ್ಟು. ನಾವು ಕೊಟ್ಟ ಬರಹದಲ್ಲಿ ಚಿತ್ರ ಬರಬೇಕಾದ ಕಡೆ `<image>` ಅಂತ ಒಂದು ಗುರುತು ಇರುತ್ತದೆ, ಅದನ್ನು ತೆಗೆದು ಈ 576 ಪಟ್ಟಿಗಳನ್ನು ಸಾಲಾಗಿ ಕೂರಿಸುತ್ತಾರೆ. ಭಾಷಾ ಮಾದರಿಯ ಮಟ್ಟಿಗೆ ಅವು 576 ವಿಚಿತ್ರ ಪದಗಳು. ಅದು ಅವನ್ನೂ ನಮ್ಮ ಪ್ರಶ್ನೆಯನ್ನೂ ಸೇರಿಸಿಕೊಂಡು ಮುಂದಿನ ಪದ ಯಾವುದು ಅಂತ ಹೇಳುತ್ತಾ ಹೋಗುತ್ತದೆ.

ಮೂರನೇ ತೊಂದರೆ, ನನಗೆ ತುಂಬಾ ಭಯ ಹುಟ್ಟಿಸುವುದು, ಇಲ್ಲೇ ಇರುವುದು. ಭಾಷಾ ಮಾದರಿಗೆ ಖಾಲಿ ಬಿಡುವ ಅಭ್ಯಾಸ ಕಡಿಮೆ. ಬೂದು ಚುಕ್ಕೆಗಳಿಂದ ಅರ್ಧಂಬರ್ಧ ಸುಳಿವು ಸಿಕ್ಕರೂ ಸಾಕು, ಉಳಿದದ್ದನ್ನು ರೂಢಿಯಿಂದ ತುಂಬಿಬಿಡುತ್ತದೆ. ‘ಉತ್ತರಕ್ಕೆ ಸರ್ಕಾರಿ’ ಆದ ಮೇಲೆ ‘ರಸ್ತೆ’ ಬರುವುದು ಸಹಜ, ಹಾಗಾಗಿ ಅದು ಸರಿಯಾಗಿ ಬರುತ್ತದೆ. ಸರ್ವೆ ನಂಬರ್ 48ರ ಮುಂದೆ 2 ಬರಬೇಕೋ 3 ಬರಬೇಕೋ ಅನ್ನುವುದಕ್ಕೆ ಯಾವ ರೂಢಿಯೂ ಇಲ್ಲ, ಅಲ್ಲಿ ಕಣ್ಣು ಹೇಳಿದ್ದೇ ಗತಿ. ಆದ್ದರಿಂದ ತಪ್ಪಿಗೆ ಒಂದು ಗುರುತು ಇದೆ: ಮಾಮೂಲಿ ಪದಗಳೆಲ್ಲ ಸರಿ, ಹೆಸರು, ನಂಬರ್, ತಾರೀಖು, ಎಕರೆ-ಗುಂಟೆ ಮಾತ್ರ ತಪ್ಪು. ಹಾಗೆ ಕಂಡರೆ ಅದು ಓದಿಲ್ಲ, ಊಹಿಸಿದೆ ಅಂತ ತಿಳಿಯಿರಿ. ಕಾಗುಣಿತ ತಪ್ಪಿಲ್ಲದೆ ನೀಟಾಗಿ ಬಂದ ಪ್ರತಿ ಅಂತ ನಂಬಿಬಿಡಬೇಡಿ, ಆ ನೀಟುತನ ಭಾಷಾ ಮಾದರಿಯದು, ಕಣ್ಣಿನದಲ್ಲ.

ಇದನ್ನು ಪರೀಕ್ಷಿಸಲು ನಾನು ಮಾಡುವ ಒಂದು ಉಪಾಯ ಇದೆ. ಒಂದು ಹಾಳೆಯಲ್ಲಿ ‘ಬೆಳಿಗ್ಗೆ ಎದ್ದು ಹಸುವಿನ ಕಾಲು ಕರೆದು ಕಾಫಿ ಮಾಡಿದೆ’ ಅಂತ ಬೇಕೆಂದೇ ತಪ್ಪಾಗಿ ಅಚ್ಚು ಮಾಡಿ. ಅದರ ಫೋಟೋಗೆ ‘ಹಾಲು ಕರೆದು’ ಅಂತ ಬಂದರೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಇದಕ್ಕೆ ಮಾದರಿ ಮಾಡುವವರು ಏನು ಮಾಡಿದರು? ಕುಗ್ಗಿಸುವುದನ್ನು ಕಡಿಮೆ ಮಾಡಿದರು. ಒಂದು ದಾರಿ, ದೊಡ್ಡ ಚಿತ್ರವನ್ನು ಮೊದಲು ದೊಡ್ಡ ಹಂಚುಗಳಾಗಿ ಮಾಡಿ, ಒಂದೊಂದು ಹಂಚನ್ನೂ ಬೇರೆ ಚಿತ್ರ ಅನ್ನುವ ಹಾಗೆ ಕಣ್ಣಿಗೆ ಕಳಿಸುವುದು. 2024ರಲ್ಲಿ ಬಂದ ಇಂಟರ್ನ್‌ವಿಎಲ್ 1.5 ಹೀಗೇ ಮಾಡುತ್ತದೆ, 448 ಪಿಕ್ಸೆಲ್‌ನ ಹಂಚುಗಳು. ನಮ್ಮ ಹಾಳೆ 3 ಅಡ್ಡ, 4 ಉದ್ದ, ಒಟ್ಟು 12 ಹಂಚಿಗೆ ಸರಿಯಾಗಿ ಕೂರುತ್ತದೆ, ಅಂದರೆ 1344 × 1792 ಪಿಕ್ಸೆಲ್. ಈಗ ಕುಗ್ಗಿದ್ದು ಬರೀ ಎರಡೂ ಕಾಲು ಪಟ್ಟು. ಅಕ್ಷರ 18 ಪಿಕ್ಸೆಲ್ ಉಳಿಯಿತು, ಸೀಳು ಎರಡೂವರೆ, ಮೂರು ಪಿಕ್ಸೆಲ್. ಕಾಣುತ್ತದೆ! ಪ್ರತಿ ಹಂಚಿನಲ್ಲಿ 1024 ತುಂಡು, ಅಕ್ಕಪಕ್ಕದ ನಾಲ್ಕನ್ನು ಒಂದಾಗಿ ಮಡಚಿ 256 ಟೋಕನ್. ಜೊತೆಗೆ ಇಡೀ ಹಾಳೆಯ ಒಂದು ಪುಟ್ಟ ಚಿತ್ರ ಬೇರೆ, ಒಟ್ಟಾರೆ ನೋಟಕ್ಕೆ. ಎಲ್ಲ ಸೇರಿ 3,328 ಟೋಕನ್. 576 ಇದ್ದದ್ದು ಆರು ಪಟ್ಟಿಗೂ ಹತ್ತಿರ ಆಯಿತು, ಸಮಯವೂ ಖರ್ಚೂ ಅದಕ್ಕೆ ತಕ್ಕ ಹಾಗೆ ಏರುತ್ತದೆ.

ಆದರೆ ಹಂಚಿನ ಗೆರೆಗೆ ತುಂಡಿನ ಗೆರೆಯಂಥ ಹೊಲಿಗೆ ಇಲ್ಲ. ಕಣ್ಣಿನ ಪದರಗಳಲ್ಲಿ ಒಂದು ಹಂಚಿನ ತುಂಡುಗಳು ಪಕ್ಕದ ಹಂಚನ್ನು ನೋಡುವುದೇ ಇಲ್ಲ, ಅವೆರಡೂ ಸೇರುವುದು ಭಾಷಾ ಮಾದರಿಗೆ ಬಂದ ಮೇಲೆ. ಉದ್ದಕ್ಕೆ ನಾಲ್ಕು ಹಂಚು ಅಂದರೆ ಹಾಳೆಯ ಮೇಲೆ ಮೂರು ಅಡ್ಡಗೆರೆ. ಇಲ್ಲಿ ಒಂದು ಸಾಲು ಬರಹಕ್ಕೆ ಸುಮಾರು 36 ಪಿಕ್ಸೆಲ್ ಜಾಗ. ಅಡ್ಡಗೆರೆ ಸಾಲಿನ ಮಧ್ಯೆಯೇ ಹಾದುಹೋದರೆ ಅಕ್ಷರ ಮೇಲಿನ ಹಂಚಿನಲ್ಲಿ, ಅದರ ಒತ್ತು ಕೆಳಗಿನ ಹಂಚಿನಲ್ಲಿ. ಇಂಗ್ಲಿಷ್‌ನಲ್ಲಿ ಇಂಥ ಸಾಲಿನ ಬುಡ ಹೋದರೆ ಕೆಲವು ಅಕ್ಷರದ ಬಾಲ ಹೋಗುತ್ತದೆ ಅಷ್ಟೇ, ಪದ ಊಹಿಸಬಹುದು. ಕನ್ನಡದಲ್ಲಿ ಬುಡ ಹೋದರೆ ‘ಅಕ್ಕ’ ‘ಅಕ’ ಆಗುತ್ತದೆ, ‘ಹತ್ತು’ ‘ಹತು’ ಆಗುತ್ತದೆ. ನಮ್ಮ ಲಿಪಿ ಕೆಳಕ್ಕೆ ಬೆಳೆಯುವ ಲಿಪಿ. ಹಂಚು ಹಾಕುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದರ ಮೇಲೊಂದು ಸ್ವಲ್ಪ ಬರುವಂತೆ ಹಾಕಿದರೆ ಎಷ್ಟೋ ಅನುಕೂಲ ಅಂತ ನನಗನ್ನಿಸುತ್ತದೆ.

ಇನ್ನೊಂದು ದಾರಿ ಅಲಿಬಾಬಾದ ಕ್ವೆನ್2-ವಿಎಲ್‌ನದು, ಅದೂ 2024ರದ್ದೇ. ಹಂಚೂ ಬೇಡ, ಚೌಕವೂ ಬೇಡ, ಚಿತ್ರ ಎಷ್ಟಿದೆಯೋ ಅಷ್ಟನ್ನೇ ಕತ್ತರಿಸು ಅನ್ನುವ ಲೆಕ್ಕ. 14ರ ತುಂಡು, ನಾಲ್ಕು ಸೇರಿ ಒಂದು ಟೋಕನ್, ಅಂದರೆ 28 ಪಿಕ್ಸೆಲ್ ಚೌಕಕ್ಕೆ ಒಂದು. ನಮ್ಮ 12 ಮೆಗಾಪಿಕ್ಸೆಲ್ ಫೋಟೋವನ್ನು ಕುಗ್ಗಿಸದೇ ಕೊಟ್ಟರೆ ಹದಿನೈದು ಸಾವಿರಕ್ಕೂ ಜಾಸ್ತಿ ಟೋಕನ್. ಒಂದು ಪುಟಕ್ಕೆ ಅದು ತೀರಾ ದುಬಾರಿ. ಹಾಗಾಗಿ ಬಳಸುವವರು ಮೇಲಿನ ಮಿತಿಯೊಂದನ್ನು ಇಟ್ಟುಕೊಳ್ಳುತ್ತಾರೆ, ಮಿತಿ ದಾಟಿದರೆ ಮತ್ತೆ ಕುಗ್ಗಿಸುವುದೇ. ಹೆಸರು ಬೇರೆಯಾದರೂ ತಕ್ಕಡಿ ಅದೇ, ಒಂದು ಕಡೆ ಪಿಕ್ಸೆಲ್, ಇನ್ನೊಂದು ಕಡೆ ಖರ್ಚು.

ನಿಮ್ಮ ಹಾಳೆ ಕುಗ್ಗಿದ ಮೇಲೆ ಹೇಗೆ ಕಾಣುತ್ತದೆ ಅಂತ ನೋಡಬೇಕು ಅಂದರೆ ಪೈಥಾನ್‌ನಲ್ಲಿ ನಾಲ್ಕೈದು ಸಾಲು ಸಾಕು:

```python
from PIL import Image, ImageOps
im = ImageOps.exif_transpose(Image.open("hale.jpg"))
im.thumbnail((336, 336))
im = im.resize((im.width * 4, im.height * 4), Image.NEAREST)
im.save("kannige.png")
```

336 ಇರುವ ಎರಡೂ ಕಡೆ 1792 ಹಾಕಿ, ಕೊನೆಯ ಸಾಲಿನ ಫೈಲ್ ಹೆಸರನ್ನೂ ಬದಲಿಸಿ ಇನ್ನೊಮ್ಮೆ ಓಡಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡನೇ ಸಾಲಿನ `exif_transpose` ಬಿಡಬೇಡಿ. ಮೊಬೈಲ್ ಫೋಟೋ ಎಷ್ಟೋ ಸಲ ಅಡ್ಡ ಉಳಿದಿರುತ್ತದೆ, ತಿರುಗಿಸಿ ತೋರಿಸು ಅನ್ನುವ ಚೀಟಿ ಮಾತ್ರ ಫೈಲಿನಲ್ಲಿ ಇರುತ್ತದೆ. ಆ ಚೀಟಿ ಓದದ ಪ್ರೋಗ್ರಾಂ ಮಾದರಿಗೆ ಅಡ್ಡ ಮಲಗಿದ ಹಾಳೆ ಕೊಡುತ್ತದೆ.

ನನ್ನ ಅಂದಾಜಿನ ಲೆಕ್ಕ ಹೀಗೆ: ಸೀಳು ಕಾಣಬೇಕಾದರೆ ಅದಕ್ಕೆ ಕಡಿಮೆ ಅಂದರೂ ಎರಡು ಪಿಕ್ಸೆಲ್ ಸಿಗಬೇಕು, ಸೀಳು ಅಕ್ಷರದ ಆರರಲ್ಲಿ ಒಂದು ಪಾಲು, ಹಾಗಾಗಿ ಕುಗ್ಗಿದ ಮೇಲೂ ಅಕ್ಷರ 12 ಪಿಕ್ಸೆಲ್ ಎತ್ತರ ಇರಬೇಕು. ಅದಕ್ಕಿಂತ ಕೆಳಗೆ ಹೋದರೆ ಬಂದದ್ದು ಓದಿದ್ದೋ ಊಹಿಸಿದ್ದೋ ಹೇಳಲಾಗದು.

ಕೋಡ್ ಗೊತ್ತಿಲ್ಲದವರಿಗೆ ಇನ್ನೂ ಸುಲಭದ ಪರೀಕ್ಷೆ ಇದೆ, ಆವತ್ತು ನಾನೂ ಅದನ್ನೇ ಮಾಡಿದೆ. ಅನುಮಾನ ಬಂದ ಒಂದೆರಡು ಸಾಲನ್ನು ಮಾತ್ರ ಮೂಲ ಫೋಟೋದಿಂದ ಕ್ರಾಪ್ ಮಾಡಿ ಮತ್ತೆ ಹಾಕಿ. ವಾಟ್ಸಾಪ್‌ನಿಂದ ಬಂದ ಫೋಟೋ ಬೇಡ, ಅದು ದಾರಿಯಲ್ಲೇ ಒಮ್ಮೆ ಕುಗ್ಗಿರುತ್ತದೆ. ಯಾರಾದರೂ ಕಳಿಸಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಕ್ರಾಪ್ ಮಾಡಿದ ಮೇಲೆ ಉತ್ತರ ಬದಲಾಗಿ ಸರಿಯಾದರೆ ತೊಂದರೆ ಪಿಕ್ಸೆಲ್‌ನದು, ಉಳಿದ ಹಾಳೆಯನ್ನೂ ನಾಲ್ಕು ನಾಲ್ಕು ಸಾಲಾಗಿ ಕೊಡಿ. ಅಕ್ಷರ ಇಷ್ಟು ದಪ್ಪ ಕೊಟ್ಟರೂ ಅದೇ ತಪ್ಪು ಮತ್ತೆ ಬಂದರೆ ಆಗ ಹೇಳಬಹುದು, ಇದಕ್ಕೆ ಕನ್ನಡ ಸಾಲದು ಅಂತ.

ನನ್ನ ಹಾಳೆಯಲ್ಲಿ ಎರಡೂ ಆಯಿತು. ಕ್ರಾಪ್ ಮಾಡಿ ಹಾಕಿದ ಕೂಡಲೇ 43/2 ಹೋಗಿ 48/2 ಬಂತು. ‘ಸಿದ್ದಪ್ಪ’ ಮಾತ್ರ ‘ಸಿದ್ದಪ್ಪ’ನಾಗಿಯೇ ಉಳಿದ, ಅಕ್ಷರ ಬೆರಳುಗಾತ್ರ ಮಾಡಿ ತೋರಿಸಿದರೂ. ಆ ಹೆಸರನ್ನು ದ ಒತ್ತು ಕೊಟ್ಟು ಬರೆಯುವವರೂ ಇದ್ದಾರೆ, ಧ ಒತ್ತು ಕೊಟ್ಟು ಬರೆಯುವವರೂ ಇದ್ದಾರೆ, ಮಾದರಿ ತಾನು ಜಾಸ್ತಿ ಕಂಡದ್ದರ ಕಡೆಗೆ ವಾಲಿತು. ಹೆಸರುಗಳನ್ನೆಲ್ಲ ಹಾಳೆ ನೋಡಿಕೊಂಡು ನಾನೇ ಕೈಯಾರೆ ಟೈಪ್ ಮಾಡಿದೆ.